ಕೊಂಡಿ ಕಳಚಿದ ಉತ್ತರ

ನೇರವಾದ ಒಂದು ರಸ್ತೆ. ರಸ್ತೆಯಿಂದ 3 ಕಿಲೋಮೀಟರ್ ಒಳಗೆ, ಹೊಲಗಳ ನಡುವೆ, ಒಂದು ಮೊಬೈಲ್ ಟವರ್. ಟವರಿಗೆ ಸರಿಯಾಗಿ ಎದುರಾಗಿ ರಸ್ತೆಯ ಮೇಲೆ ಒಂದು ಬಸ್ ಸ್ಟಾಪ್. ಬಸ್ಸು ಆ ಸ್ಟಾಪ್ ದಾಟಿ x ಕಿಲೋಮೀಟರ್ ಮುಂದೆ ಹೋಗಿದೆ ಎಂದುಕೊಳ್ಳೋಣ. ಆಗ ಬಸ್ಸಿಗೂ ಟವರಿಗೂ ಇರುವ ನೇರ ದೂರ ಎಷ್ಟು? ಹೈಸ್ಕೂಲಿನ ಪೈಥಾಗೊರಸ್ ಪ್ರಮೇಯ ಗೊತ್ತಿದ್ದರೆ ಸಾಕು.

y = √(x² + 9)

ಬಸ್ಸು 4 ಕಿ.ಮೀ. ಹೋಗಿದ್ದರೆ 16ಕ್ಕೆ 9 ಸೇರಿ 25 ಆಗುತ್ತದೆ, ಅದರ ವರ್ಗಮೂಲ 5. ಅಂದರೆ ಟವರ್ 5 ಕಿ.ಮೀ. ದೂರದಲ್ಲಿದೆ. ಮುಂದಿನ ಪ್ರಶ್ನೆ ಸ್ವಲ್ಪ ಸೂಕ್ಷ್ಮದ್ದು. ಬಸ್ಸು ಅಲ್ಲಿಂದ ಇನ್ನೂ ಮುಂದೆ ಸರಿಯುತ್ತಾ ಹೋದರೆ, ಕಿಲೋಮೀಟರಿಗೆ ಎಷ್ಟರಂತೆ ಟವರ್ ದೂರವಾಗುತ್ತದೆ? ಈ 'ಎಷ್ಟರಂತೆ'ಯನ್ನು ಹೇಳುವುದೇ ಡೆರಿವೇಟಿವ್. ದ್ವಿತೀಯ ಪಿಯುಸಿಯಲ್ಲಿ ವಿಜ್ಞಾನ ಓದುವ ಯಾರನ್ನು ಕೇಳಿದರೂ ಇದನ್ನು ಅರ್ಧ ನಿಮಿಷದಲ್ಲಿ ಮಾಡಿಬಿಡುತ್ತಾರೆ. ಅವಸರದಲ್ಲಿದ್ದವರ ನೋಟ್‌ಬುಕ್ಕಿನಲ್ಲಿ ಮಾತ್ರ ಹಲವು ಸಲ ಇಂಥ ಸಾಲು ಕಾಣಿಸುತ್ತದೆ.

y' = 1 / (2√(x² + 9))

ನೋಡುವುದಕ್ಕೆ ಅಚ್ಚುಕಟ್ಟಾಗಿದೆ. ವರ್ಗಮೂಲದ ಸೂತ್ರ ಸರಿಯಾಗಿ ಬಂದಿದೆ, ಒಳಗಿನ x² + 9 ಹಾಗೇ ಉಳಿದಿದೆ, ಚಿಹ್ನೆ ತಪ್ಪಿಲ್ಲ. ಆದರೂ ಉತ್ತರ ತಪ್ಪು. x = 4 ಹಾಕಿದರೆ ಇದು 0.1 ಎನ್ನುತ್ತದೆ. ಸರಿಯಾದ ಉತ್ತರ 0.8. ಎಂಟು ಪಟ್ಟು ವ್ಯತ್ಯಾಸ.

ಕಳಚಿಹೋಗಿರುವುದು ಒಂದೇ ಒಂದು ಕೊಂಡಿ. ವರ್ಗಮೂಲದ ಒಳಗೆ ಕುಳಿತಿರುವ x² + 9ರ ಡೆರಿವೇಟಿವ್ 2x. ಅದರಿಂದ ಗುಣಿಸುವುದು ಬಿಟ್ಟುಹೋಗಿದೆ. ಗುಣಿಸಿದ್ದರೆ ಮೇಲಿನ 2x, ಕೆಳಗಿನ 2 ಹೊಡೆದುಹೋಗಿ x / √(x² + 9) ಸಿಗುತ್ತಿತ್ತು. ಚೈನ್ ರೂಲ್ ಎಂದು ಕರೆಯುವ ಸರಪಳಿ ನಿಯಮದ ಸಾರ ಇಷ್ಟೇ: ಒಂದು ಫಂಕ್ಷನ್‌ನ ಹೊಟ್ಟೆಯಲ್ಲಿ ಇನ್ನೊಂದು ಫಂಕ್ಷನ್ ಇದ್ದರೆ ಹೊರಗಿನದರ ಡೆರಿವೇಟಿವ್ ಬರೆದು, ಒಳಗಿನದರ ಡೆರಿವೇಟಿವ್‌ನಿಂದ ಗುಣಿಸಬೇಕು. ನಿಯಮ ಬಾಯಿಪಾಠ ಇದ್ದವರೂ ಕೊನೆಯ ಗುಣಾಕಾರವನ್ನು ಮರೆಯುತ್ತಾರೆ. ಮರೆತದ್ದನ್ನು ಹೇಗೆ ಪತ್ತೆಹಚ್ಚುವುದು ಎಂಬುದನ್ನು ಪಾಠದ ನಡುವೆ ಹೇಳಿಕೊಡುವುದು ಕಡಿಮೆ.

ತಪ್ಪು ಉತ್ತರ ಬಂದದ್ದು ಎಲ್ಲಿಂದ ಎಂದು ಮೊದಲು ನೋಡಬೇಕು, ಏಕೆಂದರೆ ಆ 0.1 ಅರ್ಥವಿಲ್ಲದ ಸಂಖ್ಯೆಯಲ್ಲ. ಅದು ಬೇರೊಂದು ಪ್ರಶ್ನೆಗೆ ಸರಿಯಾದ ಉತ್ತರ. ಒಳಗಿನ x² + 9 ಅನ್ನು u ಎಂದು ಕರೆಯೋಣ. ಬಸ್ಸು 4 ಕಿ.ಮೀ. ದೂರದಲ್ಲಿದ್ದಾಗ u ಬೆಲೆ 25. ಈ 25 ಒಂದು ಹೆಚ್ಚಿ 26 ಆದರೆ ವರ್ಗಮೂಲ 5ರಿಂದ 5.099ಕ್ಕೆ ಹೋಗುತ್ತದೆ, ಅಂದರೆ ಹೆಚ್ಚುಕಡಿಮೆ 0.1 ಏರಿಕೆ. 'u ಒಂದು ಹೆಚ್ಚಿದರೆ ದೂರ ಎಷ್ಟು ಹೆಚ್ಚುತ್ತದೆ' ಎಂದು ಯಾರಾದರೂ ಕೇಳಿದ್ದರೆ 0.1 ಎನ್ನುವುದು ಸರಿಯೇ. ಆದರೆ ಕೇಳಿದ್ದು u ಬಗ್ಗೆ ಅಲ್ಲ, ಬಸ್ಸು ಸಾಗುವ ಕಿಲೋಮೀಟರಿನ ಬಗ್ಗೆ. ಬಸ್ಸು 4ರಿಂದ 5ನೇ ಕಿಲೋಮೀಟರಿಗೆ ಹೋದಾಗ u 26ರಲ್ಲಿ ನಿಲ್ಲುವುದಿಲ್ಲ, 34ಕ್ಕೆ ಹಾರುತ್ತದೆ. ಆಗ ದೂರ √34, ಅಂದರೆ 5.83. ಒಂದು ಕಿಲೋಮೀಟರಿಗೆ 0.83 ಏರಿಕೆ. ಕ್ಯಾಲ್ಕುಲಸ್ ಓದದವರೂ ಮಾಡಬಹುದಾದ ಈ ಲೆಕ್ಕ 0.8ರ ಪಕ್ಕ ಬಂದು ನಿಲ್ಲುತ್ತದೆ, 0.1ರ ಹತ್ತಿರಕ್ಕೂ ಹೋಗುವುದಿಲ್ಲ.

x ಸ್ವಲ್ಪ ಸರಿದಾಗ u ಎಷ್ಟು ಪಟ್ಟು ಸರಿಯುತ್ತದೆ ಎಂಬುದನ್ನು ಹೇಳುವುದೇ ಆ ಬಿಟ್ಟುಹೋದ 2x. x = 4ರಲ್ಲಿ ಅದು 8. ಎಂಟು ಪಟ್ಟು ವ್ಯತ್ಯಾಸ ಬಂದದ್ದು ಅಲ್ಲಿಂದಲೇ.

ಕೈ ತಪ್ಪುವುದು ಯಾಕೆ? ಸೂತ್ರಗಳ ಪಟ್ಟಿಯಲ್ಲಿ '√xನ ಡೆರಿವೇಟಿವ್ 1/(2√x)' ಎಂದಿರುತ್ತದೆ. ಅಲ್ಲಿ ವರ್ಗಮೂಲದ ಒಳಗಿರುವುದು ಬರೀ x. ಬರೀ xನ ಡೆರಿವೇಟಿವ್ 1; ಒಂದರಿಂದ ಗುಣಿಸಿದರೂ ಬಿಟ್ಟರೂ ಒಂದೇ, ಹಾಗಾಗಿ ಅದನ್ನು ಯಾರೂ ಬರೆಯುವುದಿಲ್ಲ. ಹಾಗೆ ಬರೆಯದೇ ಬಿಟ್ಟ ಆ ಒಂದೇ ಮುಂದೆ ಕಾಡುತ್ತದೆ. xನ ಜಾಗದಲ್ಲಿ x² + 9 ಕೂರಿಸುವಾಗ ಕೈ ಸೂತ್ರದಲ್ಲಿ ಕಂಡ xಗಳನ್ನೆಲ್ಲ ಬದಲಿಸುತ್ತದೆ. ಕಾಣದೇ ಇದ್ದ 'ಗುಣಿಸು 1' ಹಾಗೇ ಉಳಿದುಬಿಡುತ್ತದೆ. ಪಿಯು ಪಠ್ಯಪುಸ್ತಕದ ಐದನೇ ಅಧ್ಯಾಯದಲ್ಲಿ ಚೈನ್ ರೂಲ್ ಅಭ್ಯಾಸ ಶುರುವಾಗುವುದೇ sin(x² + 5) ಎಂಬ ಲೆಕ್ಕದಿಂದ. ಅದಕ್ಕೆ cos(x² + 5) ಎಂದು ಬರೆದು ಮುಂದಿನ ಲೆಕ್ಕಕ್ಕೆ ಹೋಗುವವರು ಮಾಡುವುದೂ ಇದನ್ನೇ.

ನಮ್ಮ ಬಸ್ಸಿನ ಲೆಕ್ಕಕ್ಕೆ ಹಳೆಯ ಮನೆತನವೂ ಇದೆ. ಕ್ಯಾಲ್ಕುಲಸ್ ಕಟ್ಟಿದವರಲ್ಲಿ ಒಬ್ಬನಾದ ಜರ್ಮನಿಯ ಲೈಬ್ನಿಟ್ಸ್ 1676ರ ಬರಹವೊಂದರಲ್ಲಿ √(a + bz + cz²) ಎಂಬ ಫಂಕ್ಷನ್‌ನ ಡೆರಿವೇಟಿವ್ ತೆಗೆದಿದ್ದಾನೆ. ಸರಪಳಿ ನಿಯಮದ ಮೊದಲ ಬಳಕೆಗಳಲ್ಲಿ ಇದನ್ನು ಹೆಸರಿಸುವುದು ವಾಡಿಕೆ. ಒಳಗಿನದನ್ನು ಒಂದು ಘಟಕ ಎಂದು ಹಿಡಿದು, ವರ್ಗಮೂಲವನ್ನು ಬೇರೆಯಾಗಿ ನೋಡಿ, ಎರಡನ್ನೂ ಗುಣಿಸಿದ. ಆ ಲೆಕ್ಕದಲ್ಲೂ ಒಂದು ಚಿಹ್ನೆ ತಪ್ಪಿತ್ತು! ಎರಡು ಪದರದ ಲೆಕ್ಕದಲ್ಲಿ ಜಾರುವುದು ದಡ್ಡರ ಲಕ್ಷಣವಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಉತ್ತರವನ್ನು ತಾಳೆ ನೋಡುವಾಗ ಬಹಳ ಮಂದಿ ಬರೆದ ಸಾಲುಗಳನ್ನೇ ಇನ್ನೊಮ್ಮೆ ಓದುತ್ತಾರೆ. ಈ ತಪ್ಪಿನ ಮಟ್ಟಿಗೆ ಅದರಿಂದ ಪ್ರಯೋಜನ ಕಡಿಮೆ. ಮೊದಲ ಸಲ ಯಾವುದನ್ನು ಕಣ್ಣು ದಾಟಿಹೋಯಿತೋ ಎರಡನೇ ಸಲವೂ ಅದನ್ನೇ ದಾಟಿಹೋಗುತ್ತದೆ. ಬರೆದಿರುವ ತಪ್ಪು ಕಂಡೀತು, ಬರೆಯದೇ ಬಿಟ್ಟದ್ದು ಕಾಣುವುದು ಕಷ್ಟ. ಹಾಗಾಗಿ ಉತ್ತರ ಬಂದ ದಾರಿಯನ್ನು ಬಿಟ್ಟು, ಉತ್ತರವನ್ನೇ ಎದುರಿಗೆ ಕೂರಿಸಿ ಪ್ರಶ್ನೆ ಕೇಳಬೇಕು.

ಪಿಯು ಪರೀಕ್ಷೆಯ ಕೊಠಡಿಗೆ ಕ್ಯಾಲ್ಕುಲೇಟರ್ ಒಯ್ಯುವಂತಿಲ್ಲ. ಬಸ್ಸಿನ ಲೆಕ್ಕದಲ್ಲಿ ಅದರ ಅಗತ್ಯವೂ ಬೀಳುವುದಿಲ್ಲ. ಬಸ್ಸು ಸರಿಯಾಗಿ ಸ್ಟಾಪಿನಲ್ಲೇ ಇದ್ದಾಗ, ಅಂದರೆ x = 0 ಇದ್ದಾಗ, ಅದು ಟವರಿಗೆ ಅತಿ ಹತ್ತಿರ ಇರುತ್ತದೆ. ಅತಿ ಹತ್ತಿರದ ಜಾಗದಲ್ಲಿ ದೂರ ಇಳಿಯುವುದು ನಿಂತು ಏರುವುದು ಇನ್ನೂ ಶುರುವಾಗಿರುವುದಿಲ್ಲ. ಆದ್ದರಿಂದ ಡೆರಿವೇಟಿವ್ ಅಲ್ಲಿ ಸೊನ್ನೆಯೇ ಆಗಬೇಕು. ಸರಿಯಾದ ಉತ್ತರ ಸೊನ್ನೆ ಕೊಡುತ್ತದೆ. ತಪ್ಪು ಉತ್ತರ 1/6 ಕೊಡುತ್ತದೆ. ಇಷ್ಟರಲ್ಲೇ ಅದು ಸಿಕ್ಕಿಬಿತ್ತು.

ಬಸ್ಸು ಸ್ಟಾಪಿಗೆ ಇನ್ನೂ ಬರುತ್ತಿದೆ ಎಂದುಕೊಂಡರೂ ಇದೇ ಬಯಲಾಗುತ್ತದೆ. ಆಗ x ಋಣ ಸಂಖ್ಯೆ. ಬಸ್ಸು ಮುಂದೆ ಸರಿದಂತೆ ಟವರ್ ಹತ್ತಿರವಾಗುತ್ತದೆ, ದೂರ ಕಡಿಮೆಯಾಗುತ್ತದೆ, ಡೆರಿವೇಟಿವ್ ಋಣ ಆಗಲೇಬೇಕು. ತಪ್ಪು ಉತ್ತರದಲ್ಲಿ ಒಂದರ ಕೆಳಗೆ ವರ್ಗಮೂಲ ಇದೆ. ಅದು ಎಂದಿಗೂ ಋಣ ಆಗಲಾರದು. ಹತ್ತಿರ ಬರುತ್ತಿರುವ ಬಸ್ಸು ದೂರ ಹೋಗುತ್ತಿದೆ ಎಂದು ಅದು ಹೇಳುತ್ತದೆ. ಗಣಿತದ ಮಾತಿನಲ್ಲಿ ಹೇಳಬೇಕೆಂದರೆ, xನ ಬದಲು −x ಹಾಕಿದರೂ ಬದಲಾಗದ ಸಮ ಫಂಕ್ಷನ್‌ನ ಡೆರಿವೇಟಿವ್ ಬೆಸ ಫಂಕ್ಷನ್ ಆಗಬೇಕು, ಅಂದರೆ −x ಹಾಕಿದಾಗ ಚಿಹ್ನೆ ತಿರುಗಬೇಕು. ಒಳಗೆ x² ಮಾತ್ರ ಇದ್ದು, ಹೊರಗೆ ಬೇರೆ x ಇಲ್ಲದ ಯಾವ ಲೆಕ್ಕಕ್ಕೂ ಈ ಒಂದೇ ಪ್ರಶ್ನೆ ಸಾಕು. sin(x² + 5)ಕ್ಕೆ ಬರೀ cos(x² + 5) ಎಂದು ಬರೆದವರು −x ಹಾಕಿ ನೋಡಿದರೆ ಚಿಹ್ನೆ ತಿರುಗದೇ ಇರುವುದು ಕೂಡಲೇ ಕಾಣುತ್ತದೆ.

ಇನ್ನು ಬಸ್ಸು ನೂರು ಕಿಲೋಮೀಟರ್ ದಾಟಿಹೋದ ಮೇಲಿನ ಮಾತು. ಅಷ್ಟು ದೂರದಿಂದ ನೋಡಿದರೆ ಟವರ್ ರಸ್ತೆಯಿಂದ 3 ಕಿ.ಮೀ. ಒಳಗಿದೆ ಎಂಬುದಕ್ಕೆ ಲೆಕ್ಕವೇ ಇಲ್ಲ. ಬಸ್ಸು ಒಂದು ಕಿಲೋಮೀಟರ್ ಹೋದರೆ ಟವರೂ ಹೆಚ್ಚುಕಡಿಮೆ ಒಂದು ಕಿಲೋಮೀಟರ್ ಹಿಂದೆ ಬೀಳುತ್ತದೆ. ಉತ್ತರ ಒಂದರ ಸಮೀಪ ಬರಬೇಕು. ತಪ್ಪು ಉತ್ತರ 0.005 ಎನ್ನುತ್ತದೆ, ಮುಂದೆ ಹೋದಂತೆ ಸೊನ್ನೆಯತ್ತ ಕುಸಿಯುತ್ತದೆ.

ಮನೆಯಲ್ಲಿ ಕೂತು ಲೆಕ್ಕ ಮಾಡುವವರ ಕೈಯಲ್ಲಿ ಕ್ಯಾಲ್ಕುಲೇಟರ್ ಇದ್ದರೆ ಇನ್ನೂ ಹರಿತವಾದ ಒಂದು ಪರೀಕ್ಷೆ ಸಿಗುತ್ತದೆ. ಅದು ತಪ್ಪಿದೆ ಎಂದಷ್ಟೇ ಹೇಳುವುದಿಲ್ಲ, ಏನು ಬಿಟ್ಟುಹೋಗಿದೆ ಎಂದೂ ಹೇಳುತ್ತದೆ. x = 4ರ ಆಚೆಗೂ ಈಚೆಗೂ 0.01ರಷ್ಟು ಸರಿದು ದೂರ ಲೆಕ್ಕ ಹಾಕಬೇಕು. 4.01ರಲ್ಲಿ √(25.0801), ಅಂದರೆ 5.0080036. 3.99ರಲ್ಲಿ √(24.9201), ಅಂದರೆ 4.9920036. ಎರಡರ ವ್ಯತ್ಯಾಸ 0.016. ಅಷ್ಟು ವ್ಯತ್ಯಾಸ ಬಂದದ್ದು ಬಸ್ಸು 0.02 ಕಿ.ಮೀ. ಸಾಗಿದಾಗ; ಭಾಗಿಸಿದರೆ 0.8. ಇದರಲ್ಲಿ ಸೂತ್ರವೂ ಇಲ್ಲ, ಚೈನ್ ರೂಲೂ ಇಲ್ಲ, ಹಾಗಾಗಿ ಮೊದಲು ಮಾಡಿದ ತಪ್ಪು ಇಲ್ಲಿಗೆ ನುಸುಳಲು ದಾರಿಯೂ ಇಲ್ಲ.

ಈಗ ಈ 0.8 ಅನ್ನು ಬರೆದಿಟ್ಟ ಉತ್ತರದ 0.1ರಿಂದ ಭಾಗಿಸಬೇಕು. 8 ಬಂತು. ಇದೇ ಕೆಲಸವನ್ನು x = 1ರಲ್ಲಿ ಮಾಡಿದರೆ ಕ್ಯಾಲ್ಕುಲೇಟರ್ 0.3162 ಕೊಡುತ್ತದೆ, ಬರೆದ ಉತ್ತರ 0.1581 ಕೊಡುತ್ತದೆ, ಭಾಗಲಬ್ಧ 2. x = 6ರಲ್ಲಿ ಭಾಗಲಬ್ಧ 12. x 1 ಇದ್ದಾಗ 2, 4 ಇದ್ದಾಗ 8, 6 ಇದ್ದಾಗ 12. ಕಾಣೆಯಾದ 2x ತಾನೇ ಎದ್ದು ನಿಂತು ಹೆಸರು ಹೇಳಿದ ಹಾಗಾಯಿತು. ಒಂದು ಉತ್ತರ ತಪ್ಪಿದೆ ಎಂದು ಗೊತ್ತಾದ ಮೇಲೆ ಇಡೀ ಲೆಕ್ಕವನ್ನು ಹೊಡೆದುಹಾಕಿ ಮೊದಲಿನಿಂದ ಶುರುಮಾಡುವ ಅಭ್ಯಾಸ ಬಹಳ ಮಂದಿಗಿದೆ. ಭಾಗಲಬ್ಧ ಹೀಗೆ ಒಳಗಿನ ಡೆರಿವೇಟಿವ್‌ಗೆ ಸರಿಹೊಂದಿದರೆ ಉಳಿದದ್ದೆಲ್ಲ ಸರಿಯಿದೆ ಎಂದೇ ಅರ್ಥ. ಒಂದು ಗುಣಾಕಾರ ಸೇರಿಸಿದರೆ ಕೆಲಸ ಮುಗಿಯಿತು.

ಈ ಪರೀಕ್ಷೆಗೆ ಒಂದು ಕುರುಡು ಜಾಗ ಇದೆ. x = 1/2ರಲ್ಲಿ 2xನ ಬೆಲೆ 1. ಅಲ್ಲಿ ಸರಿಯಾದ ಉತ್ತರವೂ 0.1644, ತಪ್ಪು ಉತ್ತರವೂ 0.1644. ಯಾರಾದರೂ ಅರ್ಧವನ್ನೇ ಆರಿಸಿಕೊಂಡು ತಾಳೆ ನೋಡಿದರೆ ತಪ್ಪು ಉತ್ತರ ನಗುನಗುತ್ತ ಪಾಸಾಗುತ್ತದೆ. ಒಳಗಿನ ಡೆರಿವೇಟಿವ್ ಎಲ್ಲೆಲ್ಲಿ 1 ಆಗುತ್ತದೋ ಅಲ್ಲೆಲ್ಲ ಇದೇ ಕಥೆ. ಹಾಗಾಗಿ ಒಂದು ಬಿಂದುವಿನಲ್ಲಿ ತಾಳೆಯಾದದ್ದನ್ನು ನಂಬದೆ ಎರಡನೆಯದರಲ್ಲೂ ನೋಡಬೇಕು. ಸರಿಯುವ ಅಳತೆಯನ್ನೂ ವಿಪರೀತ ಚಿಕ್ಕದು ಮಾಡಬಾರದು. 0.01 ಇಲ್ಲವೇ 0.001 ಸಾಕು, ಹತ್ತು ಅಂಕಿ ತೋರಿಸುವ ಕ್ಯಾಲ್ಕುಲೇಟರಿನಲ್ಲಿ ಒಂಬತ್ತನೇ ದಶಮಾಂಶದಷ್ಟು ಸರಿದರೆ ವ್ಯತ್ಯಾಸವೆಲ್ಲ ಅಂಕಿಗಳ ಕೊನೆಯಲ್ಲೇ ಕರಗಿಹೋಗಿ ಸುಳ್ಳು ಉತ್ತರ ಬರುತ್ತದೆ.

ಒಳಗೆ ವರ್ಗ ಇಲ್ಲದೆ ಬರೀ ಒಂದು ಸಂಖ್ಯೆಯ ಗುಣಾಕಾರ ಇದ್ದಾಗ ಮೇಲಿನ ಕೆಲವು ಪ್ರಶ್ನೆಗಳು ಕೆಲಸಕ್ಕೆ ಬರುವುದಿಲ್ಲ. ಮನೆಯ ಪ್ಲಗ್ ಪಾಯಿಂಟಿನ ಕರೆಂಟನ್ನೇ ತೆಗೆದುಕೊಳ್ಳಿ. 230 ವೋಲ್ಟ್ ಎಂದು ನಾವು ಹೇಳುವ ಆ ವಿದ್ಯುತ್ತು ನಿಜಕ್ಕೂ ಸೊನ್ನೆಯಿಂದ 325 ವೋಲ್ಟಿನವರೆಗೆ ಏರಿ, ಇಳಿದು, −325ಕ್ಕೆ ಹೋಗಿ ಮತ್ತೆ ಬರುತ್ತದೆ. ಸೆಕೆಂಡಿಗೆ 50 ಸಲ. ಅದನ್ನು ಹೀಗೆ ಬರೆಯುತ್ತಾರೆ.

V = 325 sin(314t)

ಇಲ್ಲಿನ 314 ಎಂದರೆ 2πಯನ್ನು 50ರಿಂದ ಗುಣಿಸಿದ್ದು. ವೋಲ್ಟೇಜ್ ಬದಲಾಗುವ ದರ ಕೇಳಿದಾಗ 325 cos(314t) ಎಂದು ಬರೆದರೆ ಒಳಗಿನ 314 ಬಿಟ್ಟುಹೋಯಿತು. −t ಹಾಕಿ ನೋಡಿದರೆ ಚಿಹ್ನೆಗಳು ಸರಿಯಾಗಿಯೇ ಇರುತ್ತವೆ. ಸೊನ್ನೆಯಾಗಬೇಕಾದ ಕಡೆ ಸೊನ್ನೆಯೂ ಆಗುತ್ತದೆ. ಒಂದು ಸ್ಥಿರ ಸಂಖ್ಯೆ ಕಳೆದುಹೋದರೆ ಆಕಾರ ಕೆಡುವುದಿಲ್ಲ, ಗಾತ್ರ ಮಾತ್ರ ಕೆಡುತ್ತದೆ. ಆದ್ದರಿಂದ ಗಾತ್ರದ ಬಗ್ಗೆಯೇ ಕೇಳಬೇಕು.

ಕೇಳೋಣ. ಸೆಕೆಂಡಿಗೆ 50 ಸುತ್ತು ಎಂದರೆ ಒಂದು ಸುತ್ತಿಗೆ 0.02 ಸೆಕೆಂಡ್. ಸೊನ್ನೆಯಿಂದ ತುತ್ತತುದಿಗೆ ಏರುವುದು ಅದರ ಕಾಲುಭಾಗ, 0.005 ಸೆಕೆಂಡ್. ಅಷ್ಟರಲ್ಲಿ 325 ವೋಲ್ಟ್ ಏರಬೇಕಾದರೆ ಸರಾಸರಿ ದರವೇ ಸೆಕೆಂಡಿಗೆ 65,000 ವೋಲ್ಟ್. ಬರೆದ ಉತ್ತರವೋ 325ನ್ನು ಎಂದೂ ಮೀರಲಾರದು, ಏಕೆಂದರೆ cos ಒಂದನ್ನು ದಾಟುವುದಿಲ್ಲ. ಆ ದರದಲ್ಲಿ ಏರಿದರೆ ತುದಿ ಮುಟ್ಟಲು ಕನಿಷ್ಠ ಒಂದು ಪೂರ್ತಿ ಸೆಕೆಂಡ್ ಬೇಕು, ಅಷ್ಟರೊಳಗೆ ನಿಜವಾದ ಕರೆಂಟು 50 ಸುತ್ತು ಮುಗಿಸಿರುತ್ತದೆ. 314 ಸೇರಿಸಿದರೆ ಗರಿಷ್ಠ ದರ ಸೆಕೆಂಡಿಗೆ 1,02,050 ವೋಲ್ಟ್ ಆಗುತ್ತದೆ, ಸರಾಸರಿ 65,000ದ ಜೊತೆ ಹೊಂದುತ್ತದೆ. ಭೌತಶಾಸ್ತ್ರದವರು ಇನ್ನೂ ಬೇಗ ಹಿಡಿಯುತ್ತಾರೆ: 325 ಎಂಬುದು ವೋಲ್ಟ್, ದರ ಎಂದರೆ ಸೆಕೆಂಡಿಗೆ ವೋಲ್ಟ್. 'ಸೆಕೆಂಡಿಗೆ' ಎಂಬುದನ್ನು ತರುವುದು 314. ಅದನ್ನು ಬಿಟ್ಟರೆ ಉತ್ತರದ ಅಳತೆಯ ಮಾನವೇ ತಪ್ಪಿಹೋಗುತ್ತದೆ.

ಮೂರು ಪದರ ಇರುವ ಲೆಕ್ಕದಲ್ಲಿ ಇನ್ನೊಂದು ಬಗೆಯ ಜಾರು ಇದೆ. cos²(5x) ನೋಡಿ. ಹೊರಗೆ ವರ್ಗ, ಅದರೊಳಗೆ cos, ಅದರೊಳಗೆ 5x. ವರ್ಗಕ್ಕೆ 2cos(5x) ಬಂತು, cosಗೆ −sin(5x) ಬಂತು. ಒಳಗಿನದನ್ನು ಒಮ್ಮೆ ನೋಡಿಕೊಂಡೆವು ಎಂಬ ಸಮಾಧಾನದಲ್ಲಿ ಕೈ ನಿಂತುಬಿಡುತ್ತದೆ. ಕೊನೆಯ 5 ಹೊರಗೇ ಉಳಿಯುತ್ತದೆ. ಮೊದಲ ಕೊಂಡಿಯನ್ನೇ ಮರೆತವರಿಗಿಂತ ಇವರ ಉತ್ತರ ಹೆಚ್ಚು ನಂಬುವ ಹಾಗಿರುತ್ತದೆ, ಹಾಗಾಗಿ ಹಿಡಿಯುವುದೂ ಕಷ್ಟ. ಇಲ್ಲಿ ಎಣಿಕೆ ಕೆಲಸಕ್ಕೆ ಬರುತ್ತದೆ. ಮೂಲ ಲೆಕ್ಕವನ್ನು ಕ್ಯಾಲ್ಕುಲೇಟರಿನಲ್ಲಿ ಒತ್ತುವ ಕ್ರಮದಲ್ಲಿ ಹೇಳಿಕೊಳ್ಳಬೇಕು: ಐದರಿಂದ ಗುಣಿಸು, cos ಒತ್ತು, ವರ್ಗ ಮಾಡು. ಮೂರು ಕೆಲಸ, ಆದ್ದರಿಂದ ಉತ್ತರದಲ್ಲಿ ಮೂರು ಗುಣಕ. ಎರಡೇ ಇದ್ದರೆ ಒಂದು ಕೊಂಡಿ ಬಿದ್ದಿದೆ. ಸರಳಗೊಳಿಸುವ ಮೊದಲೇ ಎಣಿಸಬೇಕು ಎಂಬುದು ಮುಖ್ಯ. ಹೊಡೆದುಹಾಕಿ, ಕೂಡಿಸಿ, −5 sin(10x) ಎಂದು ಚೊಕ್ಕ ಮಾಡಿದ ಮೇಲೆ ಎಣಿಸುವುದಕ್ಕೆ ಏನೂ ಉಳಿದಿರುವುದಿಲ್ಲ.

ಇದೇ ಕಾರಣಕ್ಕೆ ಸರಿಯಾದ ಉತ್ತರವನ್ನು ತಪ್ಪೆಂದು ಹೊಡೆದುಹಾಕುವವರೂ ಇದ್ದಾರೆ. ಸ್ವಾಭಾವಿಕ ಲಾಗರಿದಮ್ ಆದ ln(3x)ನ ಡೆರಿವೇಟಿವ್ 1/x. ಉತ್ತರದಲ್ಲಿ ಎಲ್ಲೂ 3 ಇಲ್ಲ. ಒಳಗಿನ ಡೆರಿವೇಟಿವ್ ಬಿಟ್ಟುಹೋಗಿದೆ ಎಂದು ಅನುಮಾನ ಬರುವುದು ಸಹಜ. ಆದರೆ ಹೊರಗಿನದು 1/(3x), ಒಳಗಿನದು 3. ಗುಣಿಸಿದಾಗ ಮೂರು ಮೂರರೊಂದಿಗೆ ಹೋಯಿತು. ಇಲ್ಲಿ ಕೊಂಡಿ ಕಳಚಿದ ಉತ್ತರ ಎಂದರೆ 3 ಎದ್ದು ಕಾಣುವ 1/(3x). ಬಸ್ಸಿನ ಲೆಕ್ಕದಲ್ಲೂ ಸರಿಯಾದ x / √(x² + 9)ನಲ್ಲಿ 2x ಎಂಬುದು ಇಡಿಯಾಗಿ ಕಾಣುವುದಿಲ್ಲ. ಒಳಗಿನದು ಕಾಣುತ್ತದೆಯೇ ಎಂದು ಹುಡುಕುವುದು ಹಾಗಾಗಿ ನಂಬಿಕೆಗೆ ಅರ್ಹವಾದ ಪರೀಕ್ಷೆಯಲ್ಲ. ಸಂಖ್ಯೆ ಹಾಕಿ ನೋಡುವುದೇ ವಾಸಿ.

ಸಂಖ್ಯೆ ಹಾಕುವಾಗ ಕ್ಯಾಲ್ಕುಲೇಟರೇ ಒಂದು ಒಳಗಿನ ಫಂಕ್ಷನ್ ಬಚ್ಚಿಟ್ಟುಕೊಂಡಿರಬಹುದು. sin xನ ಡೆರಿವೇಟಿವ್ cos x, ಸೊನ್ನೆಯಲ್ಲಿ ಅದು 1. ಇದನ್ನು ತಾಳೆ ನೋಡಲು ಹೋಗಿ sin(0.01) ಒತ್ತಿ 0.01ರಿಂದ ಭಾಗಿಸಿದವರಿಗೆ ಕೆಲವೊಮ್ಮೆ 1ರ ಬದಲು 0.01745 ಸಿಗುತ್ತದೆ. ಸೂತ್ರ ತಪ್ಪಿಲ್ಲ, ಕ್ಯಾಲ್ಕುಲೇಟರ್ DEG ಸ್ಥಿತಿಯಲ್ಲಿದೆ. ಆಗ ಅದು ನಾವು ಕೊಟ್ಟ ಸಂಖ್ಯೆಯನ್ನು ಡಿಗ್ರಿ ಎಂದು ಓದಿ, π/180ರಿಂದ ಗುಣಿಸಿ ರೇಡಿಯನ್ ಮಾಡಿಕೊಂಡು, ಆಮೇಲೆ sin ತೆಗೆಯುತ್ತದೆ. ಆ π/180ರ ಬೆಲೆಯೇ 0.01745. ಡಿಗ್ರಿಯಲ್ಲಿ ಅಳೆದ ಕೋನದ sinಗೆ ಡೆರಿವೇಟಿವ್ ಬರೀ cos ಅಲ್ಲ, cosನ 180ರಲ್ಲೊಂದು ಪಾಲನ್ನು πಯಿಂದ ಗುಣಿಸಿದ್ದು. ಕಾಗದದ ಮೇಲೆ ಕೋನದ ತಲೆಯ ಮೇಲಿನ ಪುಟ್ಟ ಸೊನ್ನೆಯೊಂದೇ ಈ ಒಳಗಿನ ಫಂಕ್ಷನ್‌ನ ಗುರುತು. ಭಾಗಲಬ್ಧ 57ರ ಆಸುಪಾಸಿನಲ್ಲೋ 0.0175ರ ಆಸುಪಾಸಿನಲ್ಲೋ ಬಂದರೆ ಉತ್ತರವನ್ನು ಮುಟ್ಟುವ ಮೊದಲು ಆ ಬಟನ್ ನೋಡಬೇಕು.

ಇಂಟಿಗ್ರೇಷನ್ ಕಲಿಯುವಾಗ ಈ ತಪ್ಪು ಇನ್ನೊಂದು ಮುಖ ತೋರಿಸುತ್ತದೆ. cos(3x)ನ ಇಂಟಿಗ್ರಲ್ sin(3x) ಎಂದು ಬರೆದವರು, ಹೇಳಿಕೊಟ್ಟ ಹಾಗೆ, ಉತ್ತರವನ್ನು ಡಿಫರೆನ್ಶಿಯೇಟ್ ಮಾಡಿ ತಾಳೆ ನೋಡುತ್ತಾರೆ. sin(3x)ಗೆ cos(3x) ಎಂದು ಬರೆಯುವ ಅದೇ ಮರೆವು ಅಲ್ಲೂ ನಡೆದರೆ ಎರಡು ತಪ್ಪು ಒಂದನ್ನೊಂದು ಮುಚ್ಚಿಕೊಂಡು ಎಲ್ಲವೂ ಸರಿ ಎಂದು ತೋರುತ್ತದೆ. ಇಂಥ ಕಡೆ ಒಂದು ಪೆಟ್ಟಿಗೆ ಬರೆದರೆ ಸಾಕು. x ಸೊನ್ನೆಯಿಂದ π/6ರವರೆಗೆ ಹೋಗುವಾಗ cos(3x) ಒಂದರಿಂದ ಶುರುವಾಗಿ ಸೊನ್ನೆಗೆ ಇಳಿಯುತ್ತದೆ. ಅದರ ಕೆಳಗಿನ ಜಾಗ, 1 ಎತ್ತರ, 0.52 ಅಗಲದ ಪೆಟ್ಟಿಗೆಯೊಳಗೆ ಹಿಡಿಸಬೇಕು. sin(3x) ಪ್ರಕಾರ ಆ ಜಾಗದ ವಿಸ್ತೀರ್ಣ 1; ಪೆಟ್ಟಿಗೆಗಿಂತ ಒಳಗಿನ ವಸ್ತು ದೊಡ್ಡದು. ಮೂರರಿಂದ ಭಾಗಿಸಿದ sin(3x)/3 ಕೊಡುವುದು 0.33, ಪೆಟ್ಟಿಗೆಯಲ್ಲಿ ಸರಿಯಾಗಿ ಕೂರುತ್ತದೆ.

ಬಸ್ಸಿನ ಕಡೆ ಮತ್ತೆ ಹೋದರೆ ಅಲ್ಲಿ ಇನ್ನೊಂದು ಕೊಂಡಿ ಸೇರಿಸಬಹುದು. ಬಸ್ಸು ಗಂಟೆಗೆ 60 ಕಿ.ಮೀ. ವೇಗದಲ್ಲಿದೆ. 4ನೇ ಕಿಲೋಮೀಟರಿನಲ್ಲಿರುವಾಗ ಟವರ್ ಎಷ್ಟು ವೇಗವಾಗಿ ದೂರವಾಗುತ್ತಿದೆ? ಈಗ ಹೊತ್ತಿನಿಂದ x, xನಿಂದ u, uನಿಂದ y. ಹೊರಗಿನದು 0.1, ನಡುವಿನದು 8, ಕೊನೆಯದು 60. ಮೂರನ್ನೂ ಗುಣಿಸಿದರೆ ಗಂಟೆಗೆ 48 ಕಿ.ಮೀ. ನಡುವಿನ 8 ಬಿಟ್ಟವರಿಗೆ ಸಿಗುವುದು ಗಂಟೆಗೆ 6, ಚುರುಕಾಗಿ ನಡೆಯುವ ಮನುಷ್ಯನ ವೇಗ. ಗಂಟೆಗೆ 60ರ ಬಸ್ಸು ಮುಂದಿನ ಒಂದು ನಿಮಿಷದಲ್ಲಿ ಒಂದು ಕಿಲೋಮೀಟರ್ ಹೋಗುತ್ತದೆ. ಅಷ್ಟರಲ್ಲಿ ಟವರಿನ ದೂರ 5ರಿಂದ 5.83 ಆಗುತ್ತದೆ. ನಿಮಿಷಕ್ಕೆ 0.83 ಎಂದರೆ ಗಂಟೆಗೆ ಸುಮಾರು 50. ಆ ನಿಮಿಷದ ಆರಂಭದಲ್ಲಿ ವೇಗ 48 ಇತ್ತು, ಬಸ್ಸು ಸಾಗಿದಂತೆ ಅದು ಏರುತ್ತಾ ನಿಮಿಷದ ಕೊನೆಗೆ 51 ದಾಟಿರುತ್ತದೆ.